ಹಳೇ ಸಹೋದ್ಯೋಗಿಗೆ ರೆಫರಲ್ ಕೇಳೋದು ಹೇಗೆ? ಅವರನ್ನು ಇಕ್ಕಟ್ಟಿಗೆ ಸಿಲುಕಿಸದೇ ಕೇಳುವ ದಾರಿ ಇಲ್ಲಿದೆ

ಗುಳೇದಗುಡ್ಡ: "ಅಣ್ಣಾ, ನಿಮ್ಮ ಬ್ಯಾಂಕಿನ್ಯಾಗ ನನಗೂ ಒಂದ್ ನೌಕರಿ ಹಚ್ಚಿಕೊಡ್ರಿ." ಹುಬ್ಬಳ್ಳಿ, ಬೆಂಗಳೂರಿನಲ್ಲಿ ದುಡಿಯುವ ನಮ್ಮೂರ ಹುಡುಗರ ಮೊಬೈಲಿಗೆ ಇಂಥ ಮೆಸೇಜ್ ಹೊಸದಲ್ಲ. ಎಷ್ಟೋ ಸಲ ಉತ್ತರ ಬರೋದೇ ಇಲ್ಲ. ಆಮೇಲೆ "ಅವಗ ಸೊಕ್ಕು ಬಂದೈತಿ" ಅಂತ ಊರಲ್ಲಿ ಮಾತು. ಆದರೆ ಸೊಕ್ಕಿಗಿಂತ ಕೇಳಿದ ರೀತಿಯೇ ಅದಕ್ಕೆ ಕಾರಣ ಇರಬಹುದು.

ರೆಫರಲ್ ಅಂದ್ರೆ ಹೊಣೆ

ಖಣದ ಅಂಗಡಿಯಲ್ಲಿ ಒಬ್ಬ ಗಿರಾಕಿ ಇನ್ನೊಬ್ಬನನ್ನು ಕರೆತಂದು "ಇವರಿಗೆ ಉದ್ರಿ ಕೊಡ್ರಿ, ನನಗ ಗೊತ್ತಿರೋರು" ಅಂದರೆ ಏನರ್ಥ ಅಂತ ವ್ಯಾಪಾರಸ್ಥರಿಗೆ ಹೇಳಬೇಕಿಲ್ಲ. ರೆಫರಲ್ ಕೂಡ ಹಾಗೇ. ಕಂಪನಿಯ ಒಳಗಿನ ನೌಕರ ತನ್ನ ಲಾಗಿನ್‌ನಿಂದ ನಿಮ್ಮ ರೆಸ್ಯೂಮ್ ಹಾಕ್ತಾರೆ. ಇವರು ನಿಮಗೆ ಹೇಗೆ ಗೊತ್ತು, ಜೊತೆಗೆ ಎಷ್ಟು ದಿನ ಕೆಲಸ ಮಾಡಿದ್ದೀರಿ ಅಂತ ಬಹಳ ಕಂಪನಿಗಳು ಅಲ್ಲೇ ಕೇಳ್ತಾವೆ. ನಾಳೆ ನೀವು ತಿಂಗಳೊಳಗೆ ಕೆಲಸ ಬಿಟ್ಟರೆ ಮ್ಯಾನೇಜರ್ ಅವರ ಮುಖ ನೋಡ್ತಾರೆ. ನೌಕರಿ ಕೊಡುವ ಅಧಿಕಾರ ಮಾತ್ರ ಅವರ ಕೈಯಲ್ಲಿ ಇರೋದಿಲ್ಲ.

ಒಂದು ಉದಾಹರಣೆ

ಗುಳೇದಗುಡ್ಡದ ಒಬ್ಬ ಹುಡುಗ ಬಾಗಲಕೋಟೆಯ ಮೈಕ್ರೋ ಫೈನಾನ್ಸ್ ಶಾಖೆಯಲ್ಲಿ ಎರಡು ವರ್ಷ ಫೀಲ್ಡ್ ಕೆಲಸ ಮಾಡಿದ್ದಾನೆ ಅಂತಿಟ್ಟುಕೊಳ್ಳಿ. ಜೊತೆಗಿದ್ದ ಹಿರಿಯರೊಬ್ಬರು ಈಗ ಹುಬ್ಬಳ್ಳಿಯ ಒಂದು ಖಾಸಗಿ ಬ್ಯಾಂಕಿನಲ್ಲಿದ್ದಾರೆ. ಅವನಿಗೂ ಅಲ್ಲಿಗೆ ಹೋಗಬೇಕು.

ಅವನು ಮೊದಲು ಬ್ಯಾಂಕಿನ ವೆಬ್‌ಸೈಟಿನಲ್ಲಿ ಯಾವ ಹುದ್ದೆ ಖಾಲಿ ಇದೆ ಅಂತ ನೋಡಬೇಕು. ಹುದ್ದೆಯ ಹೆಸರು, ಜಾಬ್ ಐಡಿ, ಊರು, ಕೊನೆಯ ದಿನ ಬರೆದಿಟ್ಟುಕೊಳ್ಳಬೇಕು. "ಏನರ ಇದ್ರ ನೋಡ್ರಿ" ಅಂದರೆ ಹುಡುಕುವ ಕೆಲಸವೂ ಅವರ ತಲೆಗೇ ಬೀಳ್ತದೆ. ಇನ್ನೊಂದು ಎಚ್ಚರ: ತಾನೇ ಅವಸರದಲ್ಲಿ ಅರ್ಜಿ ಹಾಕಬಾರದು. ಒಮ್ಮೆ ನೇರವಾಗಿ ಅರ್ಜಿ ಹೋದರೆ, ಆಮೇಲೆ ಮಾಡಿದ ರೆಫರಲ್ ಅನ್ನು ಹಲವು ಕಂಪನಿಗಳ ಸಿಸ್ಟಮ್ ತಗೊಳ್ಳೋದಿಲ್ಲ.

ಆಮೇಲೆ ವಾಟ್ಸಾಪ್ ಮೆಸೇಜ್. ಫೋನ್ ಮಾಡಿದರೆ ಅವರು ಆ ಕ್ಷಣಕ್ಕೇ ಹೂಂ ಅಥವಾ ಊಹೂಂ ಅನ್ನಬೇಕಾಗ್ತದೆ. ಬನಶಂಕರಿ ಜಾತ್ರೆಯಲ್ಲೋ ಮದುವೆ ಪಂಕ್ತಿಯಲ್ಲೋ ನಾಲ್ಕು ಜನರ ಮುಂದೆ ಕೇಳೋದು, ಅವರ ಅವ್ವನ ಕಡೆಯಿಂದ ಹೇಳಿಸೋದು ಅದಕ್ಕಿಂತ ಕಷ್ಟ. ಅಲ್ಲಿ "ಆಗಲ್ಲ" ಅನ್ನೋಕೆ ಜಾಗವೇ ಇಲ್ಲ.

ಮೆಸೇಜ್ ಹೀಗಿರಬಹುದು:

"ಅಣ್ಣಾರ, ನಮಸ್ಕಾರ್ರೀ. ನಿಮ್ಮ ಬ್ಯಾಂಕಿನ ಹುಬ್ಬಳ್ಳಿ ಶಾಖೆಗೆ ಲೋನ್ ಆಫೀಸರ್ ಕರೆದಾರ, ಜಾಬ್ ಐಡಿ ಕೆಳಗ ಹಾಕೀನಿ. ನನ್ನ ಕೆಲಸ ನೀವು ನೋಡೀರಿ. ನನಗ ಆ ಕೆಲಸ ಹೊಂದತೈತಿ ಅನಿಸ್ತೈತೇನ್ರೀ? ರೆಫರ್ ಮಾಡೂದು ನಿಮಗ ಸರಿ ಅನಿಸಿದ್ರ ರೆಸ್ಯೂಮ್ ಕಳಸ್ತೀನಿ. ಆಗದಿದ್ರೂ ಅಡ್ಡಿ ಇಲ್ರೀ, ಶುಕ್ರವಾರ ನಾನೇ ಆನ್‌ಲೈನ್ ಅರ್ಜಿ ಹಾಕ್ತೀನಿ."

ಇದರಲ್ಲಿ ಕೊನೆಯ ಸಾಲೇ ಮುಖ್ಯ. ಅವರು ಸುಮ್ಮನಿದ್ದರೂ ಹುಡುಗನ ಕೆಲಸ ನಿಲ್ಲೋದಿಲ್ಲ, ಹಾಗಾಗಿ ಸುಮ್ಮನಿರೋದು ಅವರಿಗೂ ಸುಲಭ. ಅದಕ್ಕೇ ಶುಕ್ರವಾರ ಅನ್ನೋದು ಕೊನೆಯ ದಿನಕ್ಕಿಂತ ಮೊದಲೇ ಬರಬೇಕು.

ಹೂಂ ಅಂದರೆ

ಒಂದು ಪುಟದ ಪಿಡಿಎಫ್ ರೆಸ್ಯೂಮ್, ಮೊಬೈಲ್ ನಂಬರ್, ಮೇಲ್ ಐಡಿ ಒಟ್ಟಿಗೇ ಕಳಿಸಬೇಕು. ಜೊತೆಗೆ ಅವರು ಹಾಗೇ ಕಾಪಿ ಮಾಡಬಹುದಾದ ಎರಡು ಸಾಲು: ಯಾವ ಶಾಖೆಯಲ್ಲಿ ಎಷ್ಟು ದಿನ ಜೊತೆಗಿದ್ದೆವು, ಎಷ್ಟು ಸಂಘಗಳ ವಸೂಲಿ ನೋಡಿಕೊಂಡೆ. ಲೆಕ್ಕ ಹೆಚ್ಚಿಸಿ ಬರೆಯಬಾರದು. ಸುಳ್ಳು ಸಿಕ್ಕಿಬಿದ್ದರೆ ಹೆಸರು ಕೆಡೋದು ಅವರದೂ ಹೌದು.

"ನೋಡೋಣ" ಅಂದರೆ

ಜಾಹೀರಾತು ಕಣ್ಮುಂದೆ ಇದ್ದರೂ "ಸದ್ಯ ಓಪನಿಂಗ್ ಇಲ್ಲ" ಅಂದರೆ, ಎರಡು ಸಲ "ನೋಡೋಣ" ಅಂದರೆ ಅದು ಬಹುಶಃ ಆಗಲ್ಲ ಅನ್ನೋ ಮಾತು. ಕಾರಣ ಕೆದಕಬಾರದು. ಅವರು ಹೊಸಬರಿರಬಹುದು, ಅಥವಾ ಆಗಲೇ ಬೇರೆಯವರನ್ನು ರೆಫರ್ ಮಾಡಿರಬಹುದು. ಉತ್ತರವೇ ಬಾರದಿದ್ದರೆ ಹೇಳಿದ ದಿನ ಅರ್ಜಿ ಹಾಕಿ "ಹಾಕೀನ್ರೀ ಅಣ್ಣಾರ" ಅಂತ ಒಂದು ಸಾಲು ತಿಳಿಸಿ ಬಿಡಬೇಕು. ಅವರನ್ನು ಕೇಳದೆ ಅರ್ಜಿಯಲ್ಲಿ ಅವರ ಹೆಸರು ಬರೆಯೋದು ತಪ್ಪು.

ಇಷ್ಟು ನೆನಪಿರಲಿ

ರೆಫರಲ್ ಮಾಡಿದವರಿಗೆ ಕೆಲವು ಕಂಪನಿಗಳು ಬೋನಸ್ ಕೊಡ್ತಾವೆ. ಅದನ್ನು ಕಂಪನಿಯೇ ಕೊಡ್ತದೆ, ನೌಕರಿ ಬೇಕಾದವರು ಯಾರಿಗೂ ದುಡ್ಡು ಕೊಡಬೇಕಿಲ್ಲ. "ರೆಫರಲ್ ಫೀ" ಕೇಳಿದರೆ ಅದು ಮೋಸ ಅಂತಲೇ ತಿಳಿಯಿರಿ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್, ಆಫೀಸರ್ ಹುದ್ದೆಗೆ ಪರೀಕ್ಷೆಯೇ ದಾರಿ, ಅಲ್ಲಿ ರೆಫರಲ್ ನಡೆಯೋದಿಲ್ಲ.

ಖಾಸಗಿಯಲ್ಲೂ ರೆಫರಲ್ ರೆಸ್ಯೂಮನ್ನು ಎಚ್‌ಆರ್ ಕಣ್ಣಿಗೆ ಬೀಳಿಸಬಹುದು, ಅಷ್ಟೇ. ಇಂಟರ್‌ವ್ಯೂ ಏನಾಯ್ತು ಅಂತ ದಿನಾ ವಿಚಾರಿಸೋ ಕೆಲಸ ಅವರ ಮೇಲೆ ಹಾಕಬಾರದು. ಕೆಲಸ ಸಿಗಲಿ, ಬಿಡಲಿ, ಫಲಿತಾಂಶವನ್ನು ಮೊದಲು ಅವರಿಗೆ ನೀವೇ ಹೇಳಿ. ಅದು ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳಬಾರದು.