ಬ್ರಹ್ಮಗಿರಿಯಿಂದ ಚಂದ್ರವಳ್ಳಿಗೆ: ಚಲಿಸುವ ನಕ್ಷೆಯ ಎರಡು ಗಡಿಯಾರಗಳು

ಕಾಲ ಸರಿದಂತೆ ತನ್ನ ಚುಕ್ಕೆ, ಗೆರೆ, ಬಣ್ಣಗಳನ್ನು ಬದಲಿಸುತ್ತ ಹೋಗುವ ಭೂಪಟವನ್ನು ಚಲನ ನಕ್ಷೆ ಎನ್ನುತ್ತಾರೆ. ಅದರ ಜೊತೆಗೆ ಸಾಗುವ, ಅಂಕಿಗಳು ಕಣ್ಣೆದುರೇ ಏರಿಳಿಯುವ ಚಿತ್ರಕ್ಕೆ ಚಲನ ಆಲೇಖವೆಂಬ ಹೆಸರಿದೆ. ಪ್ರಾಚೀನ ವ್ಯಾಪಾರವನ್ನು ವಿವರಿಸುವ ಚಿತ್ರಗಳಲ್ಲಿ ಇವೆರಡೂ ಈಗ ಬಿಡದೆ ಕಾಣಿಸಿಕೊಳ್ಳುತ್ತವೆ: ರೋಮ್‌ನಿಂದ ಹೊರಟ ಒಂದು ಹೊಳೆಯುವ ಗೆರೆ ಕೆಂಪು ಸಮುದ್ರವನ್ನು ದಾಟಿ, ಪಶ್ಚಿಮ ಕರಾವಳಿಯನ್ನು ಮುಟ್ಟಿ, ಘಟ್ಟ ಹತ್ತಿ ದಖ್ಖನ್ ಬಯಲಿನಲ್ಲಿ ಕವಲೊಡೆಯುತ್ತದೆ. ನೋಡಲು ಸರಳವಾದ ಈ ಗೆರೆಯನ್ನು ಎಳೆಯಲು ಎಷ್ಟು ತಿಳಿದಿರಬೇಕು, ಎಷ್ಟು ತಿಳಿಯದೆಯೇ ಎಳೆಯಲಾಗುತ್ತದೆ ಎಂಬುದನ್ನು ಅರಿಯಲು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ಸೀಮೆಗಿಂತ ತಕ್ಕ ನೆಲ ಸಿಗುವುದು ಕಷ್ಟ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿ ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯನ್ನೂ ಅಗೆಸಿದರು. ಎರಡೂ ಕಡೆ ‘ರೂಲೆಟೆಡ್’ ಎಂಬ ಜಾತಿಯ ನಯವಾದ ತಟ್ಟೆಗಳ ಚೂರುಗಳು ಸಿಕ್ಕವು. ತಟ್ಟೆಯ ಒಳತಳದಲ್ಲಿ ಹಲ್ಲಿನ ಚಕ್ರವನ್ನು ಉರುಳಿಸಿದಂತೆ ಸಣ್ಣ ಕಚ್ಚುಗಳು ಸುತ್ತುಸುತ್ತಾಗಿ ಮೂಡಿರುವುದರಿಂದ ಅವುಗಳಿಗೆ ಆ ಹೆಸರು ಬಂದಿದೆ. ಚಂದ್ರವಳ್ಳಿಯಲ್ಲಿ ಇದರೊಂದಿಗೆ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ದೆನಾರಿಯಸ್‌ಗಳು, ಅಂದರೆ ರೋಮ್‌ನ ಬೆಳ್ಳಿ ನಾಣ್ಯಗಳು, ಸ್ಥಳೀಯ ಅಧಿಪತಿಗಳಾದ ಮಹಾರಠಿಗಳ ಸೀಸದ ನಾಣ್ಯಗಳು ಕೂಡ ದೊರೆತಿವೆ. ನಕ್ಷೆಗಾರನ ಕೈಯಲ್ಲಿ ಖಚಿತವಾಗಿ ಇರುವುದು ಇಷ್ಟೇ: ಎರಡು ಬಿಂದುಗಳು, ಎರಡರಲ್ಲೂ ದೂರದಿಂದ ಬಂದ ವಸ್ತುಗಳು. ಅವುಗಳ ನಡುವಿನ ದಾರಿಯನ್ನು ಯಾವ ಶಾಸನವೂ ಹೇಳುವುದಿಲ್ಲ.

ಬಿಂದುಗಳನ್ನು ಅಕ್ಷಾಂಶ, ರೇಖಾಂಶಗಳ ಸಮೇತ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ‘ಇಲ್ಲಿಂದ’, ‘ಇಲ್ಲಿಯವರೆಗೆ’ ಎಂಬ ಎರಡು ವರ್ಷಗಳನ್ನು ಬರೆದುಕೊಳ್ಳುವುದು ಕೆಲಸದ ಮೊದಲ ಹೆಜ್ಜೆ. ಉಚಿತವಾಗಿ ದೊರೆಯುವ QGIS ಎಂಬ ನಕ್ಷಾ ತಂತ್ರಾಂಶದಲ್ಲಿ 2020ರಿಂದ Temporal Controller ಎಂಬ ಸಾಧನವಿದ್ದು, ಅದು ಈ ಎರಡು ವರ್ಷಗಳನ್ನು ಓದಿ, ಕಾಲದ ಗುಂಡಿ ಸರಿದಂತೆ ಬಿಂದುಗಳನ್ನು ತೋರಿಸುತ್ತ, ಅಳಿಸುತ್ತ ಹೋಗುತ್ತದೆ. ಪ್ರತಿ ಕ್ಷಣದ ಚಿತ್ರವನ್ನು ಬಿಡಿಬಿಡಿಯಾಗಿ ಉಳಿಸಿಕೊಂಡು, ಅನಂತರ ಅವುಗಳನ್ನು ಸೆಕೆಂಡಿಗೆ 25ರಂತೆ ಪೋಣಿಸಿದರೆ ಚಲನಚಿತ್ರವಾಗುತ್ತದೆ. ಇದು ಒಂದು ದಿನದಲ್ಲಿ ಕಲಿಯಬಹುದಾದ ಕೆಲಸ. ತೊಡಕು ಶುರುವಾಗುವುದು ಆ ಗುಂಡಿ ಯಾವ ಕಾಲವನ್ನು ಅಳೆಯುತ್ತಿದೆ ಎಂದು ಕೇಳಿದಾಗ.

ಬ್ರಹ್ಮಗಿರಿಯಿಂದ ಚಂದ್ರವಳ್ಳಿಗೆ ನೇರ ಗೆರೆಯಲ್ಲಿ ಸುಮಾರು 80 ಕಿ.ಮೀ. ಹೇರೆತ್ತುಗಳ ಹಿಂಡು, ಅಂದರೆ ಬೆನ್ನಿನ ಎರಡೂ ಬದಿಗೆ ಗೋಣಿ ಹೊತ್ತು ನಡೆಯುವ ಎತ್ತುಗಳ ಸಾಲು, ಮೇಯುತ್ತ ಸಾಗಬೇಕಾದ್ದರಿಂದ ದಿನಕ್ಕೆ 15 ಕಿ.ಮೀ. ನಡೆಯುತ್ತದೆಂದು ಇಟ್ಟುಕೊಂಡರೆ, ಸುತ್ತುಬಳಸು ಸೇರಿ ಆರು ದಿನಗಳ ಪಯಣವಾಗುತ್ತದೆ. ಇನ್ನೊಂದೆಡೆ, ಚಿತ್ರವು ವಿವರಿಸಬೇಕಾದ ವ್ಯಾಪಾರದ ಏರಿಳಿತ ಮುನ್ನೂರು ವರ್ಷಗಳಷ್ಟು ಉದ್ದವಾದದ್ದು. ಮುನ್ನೂರು ವರ್ಷಗಳನ್ನು ಒಂದು ನಿಮಿಷದಲ್ಲಿ ತೋರಿಸಿದರೆ ಒಂದು ಸೆಕೆಂಡಿಗೆ ಐದು ವರ್ಷ, ಒಂದು ಬಿಡಿಚಿತ್ರಕ್ಕೆ ಸುಮಾರು 73 ದಿನ ಬರುತ್ತದೆ. ಆರು ದಿನಗಳ ಪಯಣ ಆ ಬಿಡಿಚಿತ್ರದ ಹನ್ನೆರಡನೆಯ ಒಂದು ಪಾಲು. ಕಣ್ಣಿಗೆ ಕಾಣುವಂತೆಯೇ ಇಲ್ಲ. ಆದರೂ ನೋಡುಗರಿಗೆ ಎತ್ತುಗಳ ಚುಕ್ಕೆ ನಡೆಯುವುದು ಕಾಣಲೆಂದು ಅದನ್ನು ಮೂರು ಸೆಕೆಂಡು ಓಡಿಸಿದರೆ, ಮೂಲೆಯಲ್ಲಿ ಓಡುತ್ತಿರುವ ಇಸವಿಯ ಪ್ರಕಾರ ಆ ಹಿಂಡು ಬ್ರಹ್ಮಗಿರಿಯಿಂದ ಚಂದ್ರವಳ್ಳಿ ಸೇರಲು ಹದಿನೈದು ವರ್ಷ ತೆಗೆದುಕೊಂಡಂತಾಗುತ್ತದೆ. ಪರದೆಯ ಮೇಲೆ ಓಡುವ ಚುಕ್ಕೆ ಮತ್ತು ಓಡುವ ಇಸವಿ ಎರಡೂ ಒಟ್ಟಿಗೆ ಇದ್ದರೆ ಈ ತಪ್ಪು ಆಗಿದೆಯೆಂದೇ ತಿಳಿಯಬಹುದು.

ಇದಕ್ಕೆ ಪರಿಹಾರ ಒಂದೇ ಚಿತ್ರದಲ್ಲಿ ಎರಡು ಗಡಿಯಾರಗಳನ್ನು ಇಟ್ಟು, ಅವು ಎಂದೂ ಜೊತೆಯಾಗಿ ಓಡದಂತೆ ನೋಡಿಕೊಳ್ಳುವುದು. ಇಸವಿಯ ಗಡಿಯಾರ ಓಡುವಾಗ ನೆಲೆಗಳು ಬೆಳಗುತ್ತವೆ, ಮಂಕಾಗುತ್ತವೆ, ಯಾವ ಚುಕ್ಕೆಯೂ ನಡೆಯುವುದಿಲ್ಲ. ಬಳಿಕ ಇಸವಿ ನಿಂತು, ಮಂಕಾಗಿ, ‘ಒಂದನೇ ದಿನ, ಎರಡನೇ ದಿನ’ ಎಂಬ ದಿನಗಡಿಯಾರ ಮೂಡುತ್ತದೆ. ದಿನಕ್ಕೆ ಎರಡು ಸೆಕೆಂಡಿನಂತೆ ಹನ್ನೆರಡು ಸೆಕೆಂಡಿನಲ್ಲಿ ಹಿಂಡು ಚಂದ್ರವಳ್ಳಿ ತಲುಪುತ್ತದೆ. ಪ್ರತಿ ಇರುಳು ಅರೆ ಸೆಕೆಂಡು ಚುಕ್ಕೆ ನಿಂತರೆ ನೋಡುಗರು ತಂಗುವಿಕೆಯನ್ನೂ ಗ್ರಹಿಸುತ್ತಾರೆ. ಬಾರ್ಬರಾ ಟ್ವರ್ಸ್ಕಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು, ಚಲಿಸುವ ಚಿತ್ರ ನಿಂತ ಚಿತ್ರಕ್ಕಿಂತ ಹೆಚ್ಚು ಕಲಿಸುತ್ತದೆಂಬುದಕ್ಕೆ ಆಧಾರ ದುರ್ಬಲವೆಂದೂ, ಚಲನೆ ಬಹುಮಟ್ಟಿಗೆ ಕಣ್ಣು ಗ್ರಹಿಸುವುದಕ್ಕಿಂತ ವೇಗವಾಗಿ, ಜಟಿಲವಾಗಿ ಸಾಗುವುದೇ ಇದಕ್ಕೆ ಕಾರಣವಿರಬಹುದೆಂದೂ ವಾದಿಸಿತ್ತು. ನಿಲುಗಡೆ ಎಷ್ಟು ಅಗತ್ಯವೆಂಬುದಕ್ಕೆ ಅದೇ ಸಾಕು.

ಇನ್ನು ದಾರಿಯ ಗೆರೆ. ರೋಮನ್ ಜಗತ್ತಿನ ಪ್ರಯಾಣಕಾಲವನ್ನು ಲೆಕ್ಕಹಾಕುವ ORBIS ಎಂಬ ಮಾದರಿಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2012ರಲ್ಲಿ ಹೊರತಂದಿತು. ಕಲ್ಲುಹಾಸಿನ ಹೆದ್ದಾರಿಗಳು, ಮೈಲಿಗಲ್ಲುಗಳು ಉಳಿದಿರುವ ಆ ನಾಡಿಗೆ ಅದು ಸಾಧ್ಯವಾಯಿತು. ಇಲ್ಲಿ ಅಂಥದ್ದೇನೂ ಇಲ್ಲದ ಕಾರಣ ನಕ್ಷೆಗಾರರು ‘ಕನಿಷ್ಠ ಶ್ರಮದ ದಾರಿ’ ಎಂಬ ಲೆಕ್ಕಕ್ಕೆ ಮೊರೆಹೋಗುತ್ತಾರೆ: 2000ದ ಫೆಬ್ರವರಿಯಲ್ಲಿ ಅಂತರಿಕ್ಷ ನೌಕೆಯೊಂದು ರೇಡಾರ್‌ನಿಂದ ಅಳೆದ ನೆಲದ ಎತ್ತರಗಳನ್ನು ಸುಮಾರು 30 ಮೀಟರ್ ಚೌಕಗಳಾಗಿ ತೆಗೆದುಕೊಂಡು, ಪ್ರತಿ ಚೌಕದ ಇಳಿಜಾರಿಗೆ ಒಂದು ಬೆಲೆ ಕಟ್ಟಿ, ಒಟ್ಟು ಬೆಲೆ ಅತ್ಯಲ್ಪವಾಗುವ ಹಾದಿಯನ್ನು ಗಣಕದಿಂದ ಹುಡುಕಿಸುತ್ತಾರೆ. ಘಟ್ಟ ಸೀಮೆಯಲ್ಲಿ ಇದು ಕಣಿವೆಗಳನ್ನು ಚೆನ್ನಾಗಿ ಹಿಡಿದುಕೊಡುತ್ತದೆ. ಆದರೆ ಚಳ್ಳಕೆರೆಯ ಬಯಲು ಬಹುಪಾಲು ಸಮತಟ್ಟಾದದ್ದು. ಅಲ್ಲಲ್ಲಿ ಎದ್ದ ಬಂಡೆಗುಡ್ಡಗಳನ್ನು ಬಳಸಿಹೋದರೆ ಸಾಕು, ಮಿಕ್ಕಂತೆ ಲೆಕ್ಕವು ಹೆಚ್ಚುಕಡಿಮೆ ನೇರ ಗೆರೆಯನ್ನೇ ಹಿಂತಿರುಗಿಸುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದಾದ ಇಲ್ಲಿ ಹೇರೆತ್ತಿನ ಹಾದಿಯನ್ನು ನಿರ್ಧರಿಸಿದ್ದು ಏರು ಅಲ್ಲ, ನೀರು. ಎತ್ತುಗಳಿಗೆ ದಿನವೂ ಕುಡಿಯಲು ನೀರು ಸಿಗುವ ತಾಣಗಳನ್ನು, ವೇದಾವತಿ ಮತ್ತದರ ಹಳ್ಳಗಳ ಮಡುಗಳನ್ನು, ಲೆಕ್ಕಕ್ಕೆ ಸೇರಿಸದ ಹಾದಿ ಕಾಗದದ ಹಾದಿ ಮಾತ್ರ.

ಹಾಗೆಂದು ಇಂದಿನ ಭೂಪಟದ ನೀರನ್ನೆಲ್ಲ ಹಾಗೇ ಎತ್ತಿಕೊಳ್ಳುವಂತಿಲ್ಲ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡದ್ದು. ಉತ್ತರದ ತುಂಗಭದ್ರಾ ಜಲಾಶಯ 1953ರದ್ದು. ಸಿದ್ಧ ಹಿನ್ನೆಲೆ ನಕ್ಷೆಯನ್ನು ಬಳಸಿದರೆ ಸಾತವಾಹನರ ಕಾಲದ ನೆಲದ ಮೇಲೆ ಈ ಎರಡೂ ನೀಲಿಯಾಗಿ ಹೊಳೆಯುತ್ತಿರುತ್ತವೆ. ಚಂದ್ರವಳ್ಳಿಯಲ್ಲೇ ಇರುವ ಮಯೂರಶರ್ಮನ ಶಾಸನ ಕೆರೆಯ ವಿಷಯ ಹೇಳುತ್ತದಾದರೂ ಅದು ನಾಲ್ಕನೆಯ ಶತಮಾನದ್ದು, ರೋಮನ್ ಬೆಳ್ಳಿಯ ಕಾಲಕ್ಕೆ ಬಹಳ ಈಚಿನದು. ಆದ್ದರಿಂದ ಕೆರೆ, ಜಲಾಶಯಗಳನ್ನು ಅಳಿಸಿ, ನದಿ, ಹಳ್ಳಗಳನ್ನು ಮಾತ್ರ ಉಳಿಸಿಕೊಂಡ ಹಿನ್ನೆಲೆಯನ್ನು ನಕ್ಷೆಗಾರನೇ ಸಿದ್ಧಪಡಿಸಬೇಕಾಗುತ್ತದೆ. ಚಳ್ಳಕೆರೆಯ ಹೆಸರಿನದೂ ಇದೇ ಸಮಸ್ಯೆ. ಬ್ರಹ್ಮಗಿರಿಯಿಂದ ಚಂದ್ರವಳ್ಳಿಗೆ ಚಳ್ಳಕೆರೆಯ ಮೇಲಿಂದ ಹೋದರೂ ದೂರ ಹತ್ತು ಕಿ.ಮೀ.ಯಷ್ಟೂ ಹೆಚ್ಚುವುದಿಲ್ಲವಾದ್ದರಿಂದ, ಇಂದಿನ ಬಳ್ಳಾರಿ ಹೆದ್ದಾರಿಯನ್ನೇ ತಿದ್ದಿ ಪ್ರಾಚೀನ ಮಾರ್ಗವೆಂದು ಕರೆಯುವ ಆಸೆ ಬಲವಾಗಿರುತ್ತದೆ. ನೋಡುಗರಿಗೆ ದಿಕ್ಕು ತಿಳಿಯಲು ಆ ಹೆಸರು ಬೇಕೇ ಬೇಕು, ಆದರೆ ಚುಕ್ಕೆ ಅದರ ಮೇಲೆ ಹಾದರೆ ರೋಮನ್ ಕಾಲದಲ್ಲೇ ಅಲ್ಲೊಂದು ಸಂತೆ ಇತ್ತೆಂದು ಅವರು ತಿಳಿಯುತ್ತಾರೆ. ಹೀಗಾಗಿ ಇಂದಿನ ಊರುಗಳನ್ನು ತೆಳುಬೂದು ಅಕ್ಷರದಲ್ಲಿ, ಬಿಂದುವಿಲ್ಲದೆ ಬರೆಯುವುದು ಒಳ್ಳೆಯದು. ದಾರಿಯನ್ನು ಗೆರೆಯ ಬದಲು ಹತ್ತು ಹದಿನೈದು ಕಿ.ಮೀ. ಅಗಲದ ಮಸುಕು ಪಟ್ಟಿಯಾಗಿ ತೋರುವುದು ಇನ್ನೂ ಒಳ್ಳೆಯದು.

ಗೆರೆಯ ತುದಿಗಳೇ ಅಲುಗಾಡುವ ಸಂದರ್ಭವೂ ಇದೆ. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ. ಇಸಿಲ ಬ್ರಹ್ಮಗಿರಿಯ ಆಸುಪಾಸಿನದೇ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಸುವರ್ಣಗಿರಿಯನ್ನು ಮಾತ್ರ ಕೆಲವರು ಕನಕಗಿರಿಯೆಂದು, ಕೆಲವರು ಮಸ್ಕಿಯೆಂದು, ಮತ್ತೆ ಕೆಲವರು ಆಂಧ್ರದ ಜೊನ್ನಗಿರಿಯೆಂದು ಗುರುತಿಸಿದ್ದಾರೆ. ಮೊದಲನೆಯದು ವಾಯವ್ಯಕ್ಕೆ, ಎರಡನೆಯದು ನೇರ ಉತ್ತರಕ್ಕೆ, ಮೂರನೆಯದು ಈಶಾನ್ಯಕ್ಕೆ. ಒಂದನ್ನು ಆರಿಸಿ ಗೆರೆ ಎಳೆದರೆ ಚಿತ್ರ ಅಚ್ಚುಕಟ್ಟಾಗುತ್ತದೆ, ಮೂರನ್ನೂ ಚುಕ್ಕೆಗೆರೆಯಲ್ಲಿ ಎಳೆದರೆ ನಿಜವಾಗುತ್ತದೆ.

ಬಾಣದ ಗುರುತು ಇದಕ್ಕಿಂತಲೂ ಹಟಮಾರಿ. ಪೂರ್ವ ಕರಾವಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಅಗೆದಿದ್ದ ವ್ಹೀಲರ್, ಅಲ್ಲಿ ಇಟಲಿಯ ಮಡಕೆಗಳ ಜೊತೆ ಕಂಡ ರೂಲೆಟೆಡ್ ತಟ್ಟೆಯನ್ನು ಹಿಡಿದೇ ಬ್ರಹ್ಮಗಿರಿಯ ಪದರಗಳಿಗೆ ಕಾಲ ನಿಗದಿ ಮಾಡಿದರು. ಆ ಅಲಂಕಾರದ ಮೂಲ ಮೆಡಿಟರೇನಿಯನ್ ಕಡೆಯದೆಂಬುದು ಆಗಿನ ನಂಬಿಕೆ. ಅನಂತರ ಜೇಡಿಮಣ್ಣಿನ ಪರೀಕ್ಷೆಗಳು ಈ ತಟ್ಟೆಗಳು ಭಾರತದಲ್ಲೇ ತಯಾರಾದವೆಂದು ತೋರಿಸಿದವು, ಗಂಗೆಯ ಕೆಳಹರಿವಿನ ಸೀಮೆಯನ್ನು ಅವುಗಳ ಮೂಲವೆಂದು ಸೂಚಿಸಿದ ವಿದ್ವಾಂಸರೂ ಇದ್ದಾರೆ. ಅವುಗಳ ಕಾಲವೂ ಹಿಂದಕ್ಕೆ ಸರಿಯಿತು. ಹಳೆಯ ಪುಸ್ತಕ ನೋಡಿ ಪಶ್ಚಿಮದಿಂದ ಬಿಟ್ಟ ಬಾಣವನ್ನು ಈಗ ಪೂರ್ವದಿಂದ ಬಿಡಬೇಕು. ಅಚ್ಚಿನಲ್ಲಿ ‘ಸಂಬಂಧವಿತ್ತು’ ಎಂದು ಬರೆದು ದಾಟಿಬಿಡಬಹುದಾದದ್ದನ್ನು ಚಲಿಸುವ ನಕ್ಷೆ ಹಾಗೆ ದಾಟಲಾರದು, ಅದು ಒಂದು ದಿಕ್ಕನ್ನು ಹೇಳಿಯೇ ತೀರಬೇಕು.

ಆಲೇಖದ ಕಡೆಗೆ ಬಂದರೆ, ನಾಣ್ಯಗಳನ್ನು ಚಕ್ರವರ್ತಿಗಳ ಅನುಕ್ರಮದಲ್ಲಿ ಎಣಿಸಿ ಕಂಬಗಳನ್ನು ಏರಿಸುವುದು ರೂಢಿ. ಅಗಸ್ಟಸ್, ಟೈಬೀರಿಯಸ್‌ರ ಕಂಬಗಳು ಎತ್ತರಕ್ಕೆ ಏರಿ, ಕ್ರಿ.ಶ. 37ರಲ್ಲಿ ಟೈಬೀರಿಯಸ್ ಸತ್ತ ಬಳಿಕ ಕುಸಿಯುತ್ತವೆ, ನಿರೂಪಕನ ಧ್ವನಿ ವ್ಯಾಪಾರ ಕುಸಿಯಿತೆನ್ನುತ್ತದೆ. ಆದರೆ ಇಸವಿ ಇರುವುದು ಟಂಕಿಸಿದ ಕಾಲಕ್ಕೆ, ಇಲ್ಲಿಗೆ ಬಂದ ಕಾಲಕ್ಕಲ್ಲ. ನೀರೋ 64ರಲ್ಲಿ ದೆನಾರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ ಮೇಲೆ, ಬೆಳ್ಳಿಗಾಗಿಯೇ ನಾಣ್ಯ ಕೊಳ್ಳುತ್ತಿದ್ದ ಭಾರತದ ವರ್ತಕರಿಗೆ ಹಳೆಯ ನಾಣ್ಯವೇ ಹಿತವಾಗಿದ್ದಿರಬೇಕು. ಟೈಬೀರಿಯಸ್‌ನ ನಾಣ್ಯ ಅವನು ಸತ್ತು ದಶಕಗಳಾದ ಮೇಲೂ ಹಡಗು ಹತ್ತಿರಬಹುದು. ಮತ್ತೊಂದು ಮೋಸ ಎಣಿಕೆಯದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಒಂದೇ ಕಡೆ 163 ಬೆಳ್ಳಿ ನಾಣ್ಯಗಳು ಸಿಕ್ಕವು. ನಾಣ್ಯಕ್ಕೆ ತಕ್ಕಂತೆ ವೃತ್ತ ಬಿಡಿಸಿದರೆ ಬೆಂಗಳೂರು ಉಬ್ಬಿ, ಬಿಡಿಬಿಡಿಯಾಗಿ ನಾಣ್ಯ ಸಿಕ್ಕ ಚಂದ್ರವಳ್ಳಿ ಕಾಣದಂತಾಗುತ್ತದೆ. ಆದರೆ ಹೂತಿಟ್ಟ ನಿಧಿಯೊಂದು ಯಾರೋ ಒಬ್ಬರು ಒಮ್ಮೆ ಬಚ್ಚಿಟ್ಟದ್ದು, ವಾಸದ ಪದರದಲ್ಲಿ ಬಿದ್ದ ನಾಣ್ಯವಾದರೋ ಅಲ್ಲಿ ಹಣ ಓಡಾಡುತ್ತಿತ್ತೆಂಬುದಕ್ಕೆ ಸಾಕ್ಷಿ. ಆದ್ದರಿಂದ ನಾಣ್ಯಗಳ ಬದಲು ದೊರೆತ ತಾಣಗಳನ್ನು ಎಣಿಸಿ, ನಿಧಿಗೂ ನೆಲೆಗೂ ಬೇರೆ ಬೇರೆ ಗುರುತು ಕೊಡುವುದು ವಾಸಿ.

ಕೊನೆಯದಾಗಿ ಕನ್ನಡದ್ದೇ ಆದ ಒಂದು ಕಿರಿಕಿರಿ. ಹೆಸರುಗಳು ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮವನ್ನು ಇಂಗ್ಲಿಷಿಗೆಂದೇ ರೂಪಿಸಿದ ತಂತ್ರಾಂಶಗಳು ಒಳಗಿನ ಸಂಕೇತಗಳನ್ನು ಬಿಡಿಸಿ ತೋರಿಸುತ್ತವೆ. ‘ಬ್ರಹ್ಮಗಿರಿ’ ಎಂಬಲ್ಲಿ ಮೊದಲು ‘ಬ’, ಆಮೇಲೆ ‘ಬ್’, ಅದಾದ ಮೇಲೆ ‘ಬ್ರ’ ಬಂದು ಹೆಸರು ಉಗ್ಗುತ್ತದೆ. ಅಕ್ಷರದ ಕೆಳಗೆ ಇಳಿಯುವ ಒತ್ತುಗಳಿಗೆ ಜಾಗ ಬಿಡದಿದ್ದರೆ ‘ಚಂದ್ರವಳ್ಳಿ’ಯ ಒತ್ತುಗಳು ನದಿಯ ನೀಲಿಗೆರೆಗೆ ತಾಗಿ ಅಳಿಸಿಹೋಗುತ್ತವೆ. ಹೆಸರನ್ನು ಇಡಿಯಾಗಿ ನಿಧಾನಕ್ಕೆ ಮೂಡಿಸಿ, ಸುತ್ತ ತೆಳ್ಳಗೆ ಬಿಳಿಯ ಅಂಚು ಕೊಟ್ಟರೆ ಎರಡೂ ತೊಂದರೆ ತಪ್ಪುತ್ತವೆ.