ಮರ ಹತ್ತದೆ ಮರದ ಎತ್ತರ

ತೆಂಗಿನ ಮರದ ಎತ್ತರವನ್ನು ನೆಲದ ಮೇಲೆ ನಿಂತೇ ಅಳೆಯಲು ಎರಡು ಅಳತೆಗಳು ಬೇಕು. ಒಂದು, ನಿಂತ ಜಾಗದಿಂದ ಮರದ ಬುಡಕ್ಕಿರುವ ದೂರ. ಇನ್ನೊಂದು, ಸಮಮಟ್ಟದಿಂದ ಮರದ ತುದಿಯವರೆಗೆ ನೋಟ ಎಷ್ಟು ಏರುತ್ತದೆ ಎಂಬ ಉನ್ನತ ಕೋನ. ದೂರವನ್ನು ಟೇಪಿನಿಂದ, ಕೋನವನ್ನು ಕ್ಲಿನೋಮೀಟರಿನಿಂದ ಅಳೆಯುತ್ತಾರೆ.

ಸರಳವಾದ ಕ್ಲಿನೋಮೀಟರನ್ನು ಶಾಲೆಯ ಕಂಪಾಸ್ ಪೆಟ್ಟಿಗೆಯಲ್ಲಿರುವ ಕೋನಮಾಪಕದಿಂದಲೇ ಮಾಡಿಕೊಳ್ಳಬಹುದು. ಅದರ ನೇರ ಅಂಚಿನ ಉದ್ದಕ್ಕೂ ಎಳನೀರು ಕುಡಿಯುವ ಸ್ಟ್ರಾ ಒಂದನ್ನು ಅಂಟಿಸಿ, ಅಂಚಿನ ನಡುಬಿಂದುವಿನಿಂದ ದಾರ ಇಳಿಬಿಟ್ಟು, ದಾರದ ತುದಿಗೆ ಒಂದು ನಟ್ಟನ್ನು ಕಟ್ಟಬೇಕು. ನೇರ ಅಂಚು ಮೇಲಿರುವಂತೆ ಹಿಡಿದು ಸ್ಟ್ರಾ ಮೂಲಕ ಸಮಮಟ್ಟದಲ್ಲಿ ನೋಡಿದಾಗ ದಾರ 90 ಡಿಗ್ರಿಯ ಗೆರೆಯ ಮೇಲಿರುತ್ತದೆ. ಮರದ ತುದಿಯನ್ನು ನೋಡಲು ಸ್ಟ್ರಾವನ್ನು ಎತ್ತಿದಷ್ಟೂ ದಾರ ಆ ಗೆರೆಯಿಂದ ಸರಿಯುತ್ತದೆ. ದಾರ 52ರ ಮೇಲೆ ನಿಂತರೆ ಉನ್ನತ ಕೋನ 90ರಲ್ಲಿ 52 ಕಳೆದು ಉಳಿದ 38 ಡಿಗ್ರಿ. ಗಾಳಿಗೆ ದಾರ ಓಲಾಡುವುದರಿಂದ ಒಬ್ಬರು ನೋಡುತ್ತಿರುವಾಗ ಇನ್ನೊಬ್ಬರು ಅಂಕಿ ಓದುವುದು, ಮೂರು ನಾಲ್ಕು ಸಲ ಓದಿ ಸರಾಸರಿ ತೆಗೆಯುವುದು ಒಳ್ಳೆಯದು.

ನೋಡುವವರ ಕಣ್ಣು, ಕಣ್ಣಿನ ಮಟ್ಟದಲ್ಲಿ ಕಾಂಡದ ಮೇಲಿರುವ ಬಿಂದು ಮತ್ತು ಮರದ ತುದಿ ಸೇರಿ ಒಂದು ಲಂಬಕೋನ ತ್ರಿಭುಜವಾಗುತ್ತದೆ. ಅದರ ನಿಂತ ಬಾಹುವನ್ನು ಮಲಗಿದ ಬಾಹುವಿನಿಂದ ಭಾಗಿಸಿದರೆ ಸಿಗುವುದೇ ಆ ಕೋನದ ಟ್ಯಾನ್ ಬೆಲೆ. ಹೀಗಾಗಿ ಎತ್ತರದ ಸೂತ್ರ ಇಷ್ಟೇ:

h = d × tan θ + ಕಣ್ಣಿನ ಎತ್ತರ

ಸಮತಟ್ಟಾದ ತೋಟದಲ್ಲಿ ಮರದಿಂದ 20 ಮೀಟರ್ ದೂರದಲ್ಲಿ ನಿಂತಾಗ ಕೋನ 38 ಡಿಗ್ರಿ ಬಂದಿತೆಂದುಕೊಳ್ಳೋಣ. 38 ಡಿಗ್ರಿಯ ಟ್ಯಾನ್ 0.781. ಅದನ್ನು 20ರಿಂದ ಗುಣಿಸಿದರೆ 15.6 ಮೀಟರ್. ಇದು ಕಣ್ಣಿನ ಮಟ್ಟದಿಂದ ಮೇಲಿನ ಭಾಗ ಮಾತ್ರ. ಕಣ್ಣು ನೆಲದಿಂದ 1.5 ಮೀಟರ್ ಮೇಲಿದ್ದರೆ ಅದನ್ನೂ ಕೂಡಿಸಬೇಕು. ಮರದ ಎತ್ತರ 17.1 ಮೀಟರ್. ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದ್ದರೆ ಇದೇ 38ಕ್ಕೆ 0.31 ತೋರಿಸುತ್ತದೆ. 45 ಡಿಗ್ರಿಯ ಟ್ಯಾನ್ ಸರಿಯಾಗಿ 1 ಎಂಬುದು ನೆನಪಿದ್ದರೆ ಈ ತಪ್ಪು ಕಣ್ಣಿಗೆ ಬೀಳುತ್ತದೆ: 38ರ ಬೆಲೆ 1ಕ್ಕಿಂತ ತುಸುವೇ ಕಡಿಮೆ ಇರಬೇಕು.

ಇಳಿಜಾರಿನಲ್ಲಿ ಕಣ್ಣಿನ ಎತ್ತರ ಕೂಡಿಸಿದರೆ ಸಾಲದು. ಬುಡ ತಗ್ಗಿನಲ್ಲಿದ್ದರೆ ಅದನ್ನೂ ಸ್ಟ್ರಾ ಮೂಲಕ ನೋಡಿ ಅವನತ ಕೋನವನ್ನು ಅಳೆಯಬೇಕು. ಅದು 8 ಡಿಗ್ರಿ ಇದ್ದರೆ 20ನ್ನು 0.141ರಿಂದ ಗುಣಿಸಿದಾಗ 2.8 ಮೀಟರ್ ಬರುತ್ತದೆ, 1.5ರ ಬದಲು ಇದನ್ನು ಕೂಡಿಸಬೇಕು. ಬುಡ ಕಣ್ಣಿಗಿಂತ ಮೇಲಿದ್ದರೆ ಇದೇ ರೀತಿ ಬಂದದ್ದನ್ನು ಕಳೆಯಬೇಕು. ಎರಡೂ ಸಂದರ್ಭದಲ್ಲಿ ಟೇಪನ್ನು ನೆಲಕ್ಕೆ ಹಾಸದೆ ಸಮಮಟ್ಟವಾಗಿ ಎಳೆದು ಹಿಡಿಯಬೇಕು, ಏಕೆಂದರೆ ಸೂತ್ರ ಕೇಳುವುದು ಅಡ್ಡ ದೂರವನ್ನು.

ಎಲ್ಲಿ ನಿಲ್ಲಬೇಕು ಎಂಬುದೂ ಮುಖ್ಯ. ಕೈಯಲ್ಲಿ ಮಾಡಿದ ಕ್ಲಿನೋಮೀಟರಿನಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆಯಾಗುವುದು ಸಹಜ. ಮೇಲಿನ ಮರದಿಂದ 20 ಮೀಟರ್ ದೂರದಲ್ಲಿ ನಿಂತಾಗ ಆ ಒಂದು ಡಿಗ್ರಿಯಿಂದ ಎತ್ತರದಲ್ಲಿ ಸುಮಾರು ಅರ್ಧ ಮೀಟರಿಗಿಂತ ತುಸು ಹೆಚ್ಚು ವ್ಯತ್ಯಾಸವಾಗುತ್ತದೆ. ಬುಡದಿಂದ 5 ಮೀಟರಿನಲ್ಲೇ ನಿಂತರೆ ಕೋನ 72 ಡಿಗ್ರಿಗೆ ಏರಿ, ಅದೇ ತಪ್ಪು ಹೆಚ್ಚುಕಡಿಮೆ ಒಂದು ಮೀಟರ್ ಆಗುತ್ತದೆ. ಮರದ ಎತ್ತರದಷ್ಟೇ ದೂರದಲ್ಲಿ, ಅಂದರೆ ಕೋನ 45ರ ಆಸುಪಾಸಿನಲ್ಲಿ ಬರುವ ಕಡೆ ನಿಂತರೆ ಈ ವ್ಯತ್ಯಾಸ ಅತಿ ಕಡಿಮೆ.

ಕೋನಕ್ಕಿಂತ ದೊಡ್ಡ ಮೋಸ ಮಾಡುವುದು ಮರದ ವಾಲು. ಸೂತ್ರಕ್ಕೆ ಬೇಕಾದ ದೂರ ತುದಿಯ ನೇರ ಕೆಳಗಿನ ನೆಲಕ್ಕೆ, ಬುಡಕ್ಕಲ್ಲ. ತೆಂಗಿನ ತುದಿ ನೋಡುವವರ ಕಡೆಗೆ 2 ಮೀಟರ್ ವಾಲಿದ್ದು, ದೂರವನ್ನು ಬುಡದವರೆಗೆ ಅಳೆದರೆ, 38 ಡಿಗ್ರಿಯ ಲೆಕ್ಕದಲ್ಲಿ ಎತ್ತರ 1.6 ಮೀಟರ್ ಹೆಚ್ಚಾಗಿ ಬರುತ್ತದೆ. ಆಚೆಗೆ ವಾಲಿದ್ದರೆ ಅಷ್ಟೇ ಕಡಿಮೆಯಾಗುತ್ತದೆ. ಮರ ಎಡಕ್ಕೋ ಬಲಕ್ಕೋ ಬಾಗಿದಂತೆ ಕಾಣುವ ಮಗ್ಗುಲಿಗೆ ಸರಿದು ನಿಂತರೆ ಈ ತಪ್ಪು ಬಹುಮಟ್ಟಿಗೆ ಇಲ್ಲವಾಗುತ್ತದೆ. ಆಲ, ಮಾವಿನಂತಹ ಹರಡಿದ ಮರಗಳಲ್ಲಿ ಈಚೆ ಬದಿಯ ಕೊಂಬೆಯೇ ತುದಿಯಂತೆ ಕಂಡು ಎತ್ತರ ಹೆಚ್ಚಾಗಿ ಬರುವುದುಂಟು. ಹಿಂದಕ್ಕೆ ಸರಿದು, ನಿಜವಾದ ನೆತ್ತಿ ಕಾಣುವ ಜಾಗದಿಂದ ನೋಡಬೇಕು.

ಕಾಂಪೌಂಡಿನ ಆಚೆಗಿರುವ ಕಟ್ಟಡದ ಬುಡಕ್ಕೆ ಟೇಪು ಮುಟ್ಟದು. ಆಗ ಕಟ್ಟಡಕ್ಕೆ ನೇರವಾದ ಒಂದೇ ಸಾಲಿನಲ್ಲಿ, ಸಮನೆಲದ ಮೇಲೆ, ಎರಡು ಕಡೆ ನಿಂತು ಕೋನ ಅಳೆಯುತ್ತಾರೆ. ಎರಡು ಜಾಗಗಳ ಅಂತರ 20 ಮೀಟರ್, ದೂರದಿಂದ 28 ಡಿಗ್ರಿ, ಹತ್ತಿರದಿಂದ 40 ಡಿಗ್ರಿ ಎಂದಿರಲಿ. 1ನ್ನು ಆಯಾ ಟ್ಯಾನ್‌ನಿಂದ ಭಾಗಿಸಿದರೆ 1.881 ಮತ್ತು 1.192. ಇವುಗಳ ವ್ಯತ್ಯಾಸ 0.689ರಿಂದ 20ನ್ನು ಭಾಗಿಸಿದಾಗ 29 ಮೀಟರ್. ಕಣ್ಣಿನ ಎತ್ತರವೂ ಸೇರಿ 30.5 ಮೀಟರ್. ಆದರೆ ಇಲ್ಲಿ 40ರ ಬದಲು 39 ಎಂದು ಓದಿದರೆ ಉತ್ತರ ಸುಮಾರು 2 ಮೀಟರ್ ಏರುತ್ತದೆ. ಆದ್ದರಿಂದ ಬುಡ ಮುಟ್ಟಲು ದಾರಿಯಿದ್ದಾಗ ಮೊದಲ ವಿಧಾನವೇ ಲೇಸು. ಇಲ್ಲದಾಗ ಎರಡು ಜಾಗಗಳ ಅಂತರವನ್ನು ಆದಷ್ಟು ಹೆಚ್ಚಿಸಿಕೊಳ್ಳಬೇಕು.