ಸ್ವಿಚ್ ಆರಿಸಿದ ಮೇಲೆ: ಒಂದು ವಿಡಿಯೊ ಬರೆದ ಬಗೆ

ನಮ್ಮ ತಂದೆಯವರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರದ ಮೇಲೆ ಕೆಲಸಮಾಡುವವರು. ತಗಡನ್ನು ಡೈಯ ಮೇಲಿಟ್ಟು ಪೆಡಲ್ ತುಳಿದರೆ, ಮೇಲಿನ ಪಂಚ್ ಇಳಿದು ಬಿಲ್ಲೆಯನ್ನು ಕತ್ತರಿಸುತ್ತದೆ. ಅವರ ಬಲಗೈಯ ಎರಡು ಬೆರಳುಗಳು ಗಿಡ್ಡ. ಕಾರಣವನ್ನು ನಾನು ಚಿಕ್ಕವನಿದ್ದಾಗ ಕೇಳಿದರೆ “ಮಿಶೀನು ತಿಂತು” ಎಂದಷ್ಟೇ ಹೇಳುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಅಲ್ಲಿನ ಸೂಪರ್‌ವೈಸರು, ಮನೆಯಲ್ಲಿ ಓದಿದವನು ನಾನೊಬ್ಬನೇ ಎಂಬ ಕಾರಣದಿಂದಲೋ ಏನೋ, ಕೆಲಸಗಾರರಿಗೆ ತೋರಿಸಲು ಆರು ನಿಮಿಷದ ಸುರಕ್ಷತಾ ವಿಡಿಯೊ ಒಂದಕ್ಕೆ ದೃಶ್ಯಗಳನ್ನು ಬರೆದುಕೊಡಲು ಹೇಳಿಕಳುಹಿಸಿದರು. ಅದನ್ನು ಬರೆದ ಬಗೆಯನ್ನು ವಾಚಕರ ಮುಂದಿಡುತ್ತೇನೆ.

ಇಂಥ ಬರಹವನ್ನು ಎರಡು ಸಾಲುಗಳಲ್ಲಿ ಬರೆಯುವುದು ರೂಢಿ. ಎಡಗಡೆ ಕಣ್ಣಿಗೆ ಕಾಣುವುದು, ಬಲಗಡೆ ಕಿವಿಗೆ ಕೇಳುವುದು. ನನ್ನ ಮೊದಲ ಪ್ರತಿಯಲ್ಲಿ ಬಲಗಡೆಯೇ ತುಂಬಿತ್ತು; “ಜಾಗರೂಕರಾಗಿರಿ” ಎಂಬುದು ಏಳು ಸಲ ಬಂದಿತ್ತು. ತಂದೆಯವರು ಕೇಳಿ, “ಜೋಪಾನ ಅಂತ ನನಗೂ ಗೊತ್ತಿತ್ತಪ್ಪ. ಸ್ವಿಚ್ ಆರಿಸಿಯೇ ಕೈ ಹಾಕಿದ್ದೆ” ಎಂದರು. ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಬಿಲ್ಲೆ ಡೈಯಲ್ಲಿ ಸಿಕ್ಕಿಕೊಂಡಿತ್ತು. ಮೋಟರು ನಿಲ್ಲಿಸಿ ಬಗ್ಗಿದರು. ಬಗ್ಗುವಾಗ ಕಾಲು ಪೆಡಲಿಗೆ ತಗುಲಿತು.

ಸ್ವಿಚ್ ಆರಿದ ಮೇಲೆ ಪಂಚ್ ಇಳಿದದ್ದು ಹೇಗೆ? ಪ್ರೆಸ್ಸಿನ ಬಲ ಮೋಟರಿನಿಂದ ನೇರವಾಗಿ ಬರುವುದಿಲ್ಲ. ಮೋಟರು ಒಂದು ಭಾರವಾದ ಚಕ್ರವನ್ನು ತಿರುಗಿಸುತ್ತದೆ, ಅದೇ ಫ್ಲೈವೀಲ್. ಪೆಡಲ್ ತುಳಿದಾಗ ಕ್ಲಚ್ಚಿನ ಕೀ ಎಂಬ ಉಕ್ಕಿನ ತುಂಡು ಚಕ್ರಕ್ಕೆ ಕಚ್ಚಿಕೊಂಡು, ಚಕ್ರದಲ್ಲಿ ಕೂಡಿಟ್ಟ ಬಲ ಪಂಚನ್ನು ಕೆಳಗೆ ತಳ್ಳುತ್ತದೆ. ಮೋಟರು ನಿಂತರೂ ಚಕ್ರ ತಿರುಗುತ್ತಲೇ ಇರುತ್ತದೆ. ನಾನು ಗಡಿಯಾರ ಹಿಡಿದು ನೋಡಿದಾಗ ನಮ್ಮ ತಂದೆಯವರ ಯಂತ್ರದಲ್ಲಿ ಅದು ಪೂರ್ತಿ ನಿಲ್ಲಲು ಮುಕ್ಕಾಲು ನಿಮಿಷಕ್ಕೂ ಮಿಕ್ಕಿ ಹಿಡಿಯಿತು. ಅಷ್ಟರೊಳಗೆ ಪೆಡಲ್ ಅದುಮಿದರೆ ಒಂದು ಏಟಿಗೆ ಸಾಕಾಗುವ ಬಲ ಅದರಲ್ಲಿ ಉಳಿದಿರಬಹುದು.

ಆದ್ದರಿಂದ ಮೊದಲನೆಯ ದೃಶ್ಯದಲ್ಲಿ ಮನುಷ್ಯರ ಮುಖವೇ ಇಲ್ಲ. ಫ್ಲೈವೀಲಿನ ಅಂಚಿನಲ್ಲಿ ಸೀಮೆಸುಣ್ಣದ ಒಂದು ಗೆರೆ. ಒಂದು ಕೈ ಸ್ವಿಚ್ ಆರಿಸುತ್ತದೆ. ಮೋಟರಿನ ಸದ್ದು ಅಡಗುತ್ತದೆ. ಗೆರೆ ತಿರುಗುತ್ತಲೇ ಇದೆ. ಗಾರ್ಡಿನ ಸೀಳಿನಿಂದ ಒಂದು ರಟ್ಟನ್ನು ಒಳಗೆ ನೂಕಿ ಪೆಡಲ್ ತುಳಿಯುತ್ತಾರೆ. ರಟ್ಟನ್ನು ಹೊರತೆಗೆದರೆ ಅದರಲ್ಲಿ ತೂತು ಬಿದ್ದಿದೆ. ಮಾತು ಒಂದೇ: “ಸ್ವಿಚ್ ಆರಿದೆ. ಚಕ್ರ ನಿಂತಿಲ್ಲ.” ಕೆಲಸಗಾರರಲ್ಲಿ ಅರ್ಧದಷ್ಟು ಮಂದಿ ಉತ್ತರದ ಕಡೆಯಿಂದ ಬಂದವರು, ಕನ್ನಡ ಅರಿಯರು. ರಟ್ಟಿನ ತೂತಿಗೆ ಭಾಷೆ ಬೇಕಾಗಿಲ್ಲ.

ಎರಡನೆಯ ದೃಶ್ಯ, ಸಿಕ್ಕಿದ ಬಿಲ್ಲೆಯನ್ನು ತೆಗೆಯುವ ಕ್ರಮ. ಇಲ್ಲಿ ನಾನು ಅವಸರಪಡಲಿಲ್ಲ. ಆರು ನಿಮಿಷದಲ್ಲಿ ಎರಡು ನಿಮಿಷ ಇದಕ್ಕೇ ಕೊಟ್ಟೆ. ಕೆಲಸಗಾರನು ಪೆಡಲಿನಿಂದ ಕಾಲು ತೆಗೆಯುತ್ತಾನೆ. ಮೋಟರು ಆರಿಸಿ, ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಳ್ಳುತ್ತಾನೆ, ಮೇಸ್ತ್ರಿಯ ಕೈಗಲ್ಲ. ಸೀಮೆಸುಣ್ಣದ ಗೆರೆ ನಿಲ್ಲುವವರೆಗೆ ಕಾಯುತ್ತಾನೆ. ಆಮೇಲೆ ಮೇಲಿನ ಭಾಗಕ್ಕೂ ಕೆಳಗಿನ ಮೇಜಿಗೂ ನಡುವೆ, ಅದಕ್ಕೆಂದೇ ಮಾಡಿದ ಲೋಹದ ದಿಮ್ಮಿಯನ್ನು ಆನಿಸುತ್ತಾನೆ. ಕೊನೆಗೆ ಕೊಕ್ಕೆಯಿಂದ ಬಿಲ್ಲೆಯನ್ನು ಎಬ್ಬಿಸುತ್ತಾನೆ. ದಿಮ್ಮಿ ಇರುವುದು ಮೇಲಿನ ಭಾರ ತಾನಾಗಿ ಕುಸಿಯದಂತೆ ಆನಲು ಮಾತ್ರ. ತಿರುಗುವ ಚಕ್ರದ ಬಲವನ್ನು ಅದು ತಡೆಯಲಾರದು, ಸಿಡಿದುಹೋದೀತು. ಚಕ್ರ ನಿಂತ ಮೇಲೆಯೇ ದಿಮ್ಮಿ ಎಂಬ ಕ್ರಮವನ್ನು ಅದಕ್ಕಾಗಿಯೇ ಎರಡು ಸಲ ತೋರಿಸಿದೆ.

ಮೂರನೆಯ ದೃಶ್ಯದಲ್ಲಿ ನಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳಬೇಕು. ಪೆಡಲ್ ಕಿತ್ತು, ಎರಡು ಕೈಗಳಿಂದಲೂ ಒತ್ತಬೇಕಾದ ಎರಡು ಗುಂಡಿಗಳನ್ನಿಟ್ಟರೆ ಕೈಗಳು ತಾವಾಗಿಯೇ ಹೊರಗಿರುವುವೆಂದು ಬರೆದಿದ್ದೆ. ಅದೇ ಕಾರ್ಖಾನೆಯ ಇನ್ನೊಂದು ಹಳೆಯ ಪ್ರೆಸ್ಸಿಗೆ ಅಂಥ ಗುಂಡಿಗಳಿವೆ. ಅಲ್ಲಿನ ಫಿಟ್ಟರು ನಕ್ಕು ಲೆಕ್ಕ ಮಾಡಿಸಿದರು. ಆ ಯಂತ್ರ ನಿಮಿಷಕ್ಕೆ 60 ಸುತ್ತು ತಿರುಗುತ್ತದೆ. ಎಂದರೆ ಒಂದು ಸುತ್ತಿಗೆ ಒಂದು ಸೆಕೆಂಡು. ಕೀ ಕಚ್ಚಲು ಚಕ್ರದಲ್ಲಿರುವುದು ಒಂದೇ ಸ್ಥಾನ. ಆ ಸ್ಥಾನ ಈಗತಾನೆ ದಾಟಿಹೋದಾಗ ಗುಂಡಿ ಒತ್ತಿದೆವೆನ್ನೋಣ. ಅದು ಮತ್ತೆ ಬರಲು ಒಂದು ಸೆಕೆಂಡು, ಪಂಚ್ ಕೆಳಗಿಳಿಯಲು ಅರ್ಧ ಸುತ್ತು, ಒಟ್ಟು ಒಂದೂವರೆ ಸೆಕೆಂಡು. ಮನುಷ್ಯನ ಕೈ ಸೆಕೆಂಡಿಗೆ 1.6 ಮೀಟರ್ ಚಾಚಬಲ್ಲದೆಂದು ಸುರಕ್ಷತೆಯ ಲೆಕ್ಕದಲ್ಲಿ ಹಿಡಿಯುತ್ತಾರೆ. ಒಂದೂವರೆ ಸೆಕೆಂಡಿಗೆ 2.4 ಮೀಟರ್ ಆಯಿತು. ಗುಂಡಿಗಳು ಡೈಯಿಂದ ಅಷ್ಟು ದೂರ ಇರಬೇಕು. ಅಲ್ಲಿ ಇರುವುದು ಒಂದು ಮೊಳ! ಗುಂಡಿ ಒತ್ತಿ ಬಿಟ್ಟವನು, ಓರೆಯಾದ ತಗಡನ್ನು ಸರಿಪಡಿಸಲು ಕೈ ಚಾಚಿದರೆ, ಪಂಚ್ ಇನ್ನೂ ಬರುವುದರಲ್ಲಿದೆ. ಕೀ ಕಚ್ಚಿದ ಮೇಲೆ ಸುತ್ತು ಮುಗಿಯುವ ತನಕ ಅದನ್ನು ನಡುವೆ ನಿಲ್ಲಿಸುವ ಉಪಾಯವಿಲ್ಲ. ಕೈ ಅಡ್ಡ ಬಂದರೆ ಯಂತ್ರವನ್ನು ನಿಲ್ಲಿಸುವ ಬೆಳಕಿನ ಪರದೆ ಕೂಡ ಇಂಥ ಯಂತ್ರಕ್ಕೆ ಪ್ರಯೋಜನವಿಲ್ಲ. ಅದು ನಡುವೆ ನಿಲ್ಲಬಲ್ಲ ಕ್ಲಚ್ಚಿನ ಪ್ರೆಸ್ಸುಗಳಿಗೆ ಮಾತ್ರ. ಇಲ್ಲಿ ಆಗುವ ಕೆಲಸವೆಂದರೆ ತಗಡು ಮಾತ್ರ ತೂರುವ, ಬೆರಳು ತೂರದ ಸೀಳುಳ್ಳ ಗಟ್ಟಿ ಗಾರ್ಡು. ಗುಂಡಿಯ ದೃಶ್ಯವನ್ನು ಹೊಡೆದುಹಾಕಿ ಗಾರ್ಡಿನದನ್ನು ಬರೆದೆ.

ನಾಲ್ಕನೆಯದು ಚಿಕ್ಕದು. ಕೀ ಸವೆದರೆ, ಇಲ್ಲವೆ ಅದನ್ನು ಬಿಡಿಸುವ ಸ್ಪ್ರಿಂಗು ಮುರಿದರೆ, ಒಮ್ಮೆ ತುಳಿದದ್ದಕ್ಕೆ ಪಂಚ್ ಎರಡು ಸಲ ಬೀಳುತ್ತದೆ. ಕೆಲಸಗಾರರು ಇದನ್ನು ‘ಡಬಲ್’ ಎನ್ನುತ್ತಾರೆ. ಬೆಳಿಗ್ಗೆ ತಗಡಿಲ್ಲದೆ ಹತ್ತು ಸಲ ತುಳಿದು, ಪ್ರತಿ ಸಲವೂ ಪಂಚ್ ಮೇಲಿನ ಗುರುತಿನಲ್ಲೇ ನಿಲ್ಲುವುದೇ ಎಂದು ನೋಡಬೇಕು. ಗುರುತು ದಾಟಿ ಜಾರಿದರೆ ಬ್ರೇಕು ಸಡಿಲವಾಗಿದೆ. ಎರಡನೆಯ ಏಟು ಬಿದ್ದರೆ ಬೀಗ ಹಾಕಿ ಫಿಟ್ಟರನ್ನು ಕರೆಯಬೇಕು.

ಉಳಿದದ್ದು ಐದನೆಯ ದೃಶ್ಯ. ಜಗಳ ಹುಟ್ಟಿದ್ದು ಇದರಿಂದಲೇ. ಬೀಗ, ಚಕ್ರ, ದಿಮ್ಮಿ, ಕೊಕ್ಕೆ ಎಲ್ಲ ಸೇರಿ ಒಂದು ಬಿಲ್ಲೆ ಬಿಡಿಸಲು ನಾಲ್ಕು ನಿಮಿಷ ಬೇಕು. ಕೈ ಹಾಕಿದರೆ ನಾಲ್ಕು ಸೆಕೆಂಡು. ದಿನದ ಲೆಕ್ಕ ಬಿಲ್ಲೆಗಳ ಮೇಲೆ ನಿಂತಿರುವಾಗ ಆ ನಾಲ್ಕು ನಿಮಿಷ ಯಾರ ಖಾತೆಗೆ? ದೃಶ್ಯದಲ್ಲಿ ಸೂಪರ್‌ವೈಸರು ಬಂದು, ಗೋಡೆಯ ಹಲಗೆಯ ಮೇಲೆ ಆ ಯಂತ್ರದ ಮುಂದೆ “ನಿಲುಗಡೆ 4 ನಿಮಿಷ” ಎಂದು ಬರೆದು, ಆ ಹೊತ್ತನ್ನು ಲೆಕ್ಕದಿಂದ ಕಳೆಯುತ್ತಾರೆ. ಇದು ಸುರಕ್ಷತೆಯ ವಿಷಯವಲ್ಲ, ತೆಗೆದುಬಿಡು ಎಂದು ಅವರು ಹೇಳಿದರು. ನಾನು ತೆಗೆಯಲಿಲ್ಲ. ಒಳಗೊಳಗೆ ಅಳುಕಿತ್ತು, ತಂದೆಯವರ ಕೆಲಸ ಅಲ್ಲಿಯೇ ಅಲ್ಲವೆ? ಆದರೆ ತಂದೆಯವರೇ ಮರುದಿನ ಹೋಗಿ, “ಸಾರ್, ಅದಿಲ್ಲದಿದ್ದರೆ ಮಿಕ್ಕದ್ದನ್ನು ಯಾರೂ ಮಾಡೋದಿಲ್ಲ” ಎಂದು ಹೇಳಿ ಬಂದರಂತೆ.

ಚಿತ್ರೀಕರಣ ಒಂದು ಭಾನುವಾರ ಮೊಬೈಲಿನಲ್ಲಿಯೇ ಆಯಿತು. ಐದನೆಯ ದೃಶ್ಯಕ್ಕೆ ಹಲಗೆಯೇ ಇರಲಿಲ್ಲ. ಸೂಪರ್‌ವೈಸರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಬಳಿಕ ಉಗ್ರಾಣದಿಂದ ಒಂದು ಕಪ್ಪು ಹಲಗೆ ತರಿಸಿ ಗೋಡೆಗೆ ಮೊಳೆ ಹೊಡೆಸಿದರು. ಆ ಹಲಗೆ ಈಗಲೂ ಅಲ್ಲಿದೆ. ಮೊನ್ನೆ ನೋಡಿದಾಗ ತಂದೆಯವರ ಯಂತ್ರದ ಮುಂದೆ ಎರಡು ನಿಲುಗಡೆಗಳನ್ನು ಬರೆದಿದ್ದರು, ಒಂಬತ್ತು ನಿಮಿಷ.